ಸರ್ವೊ ತಿರುಗಿದ ಕೂಡಲೇ ಬೋರ್ಡ್ ರಿಸೆಟ್ ಆಗುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಪ್ರಾಜೆಕ್ಟ್ ಮಾಡುವ ಕಾಲೇಜು ಹುಡುಗರು, ಮನೆಯಲ್ಲೇ ಏನಾದರೂ ಕಟ್ಟುವ ಹವ್ಯಾಸಿಗಳು, ಶಾಲೆಯಲ್ಲಿ ರೊಬೊಟಿಕ್ಸ್ ಕಲಿಸುವ ಮೇಷ್ಟ್ರುಗಳು ನನ್ನನ್ನು ಹೆಚ್ಚಾಗಿ ಕೇಳುವುದು ಇದೊಂದೇ ವಿಷಯ. ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಸೆಟಪ್ ತೆಗೆದುಕೊಂಡಿದ್ದೇನೆ: ಒಂದು ಇಎಸ್‌ಪಿ32 ಬೋರ್ಡ್, ಒಂದು ಎಂಜಿ996ಆರ್ ಸರ್ವೊ, ಒಂದು ಫೋನ್ ಚಾರ್ಜರ್. ಬಾಗಿಲ ಚಿಲಕ ತೆಗೆಯುವ ಪ್ರಾಜೆಕ್ಟ್ ಅಂದುಕೊಳ್ಳಿ.

## ಮೊದಲ ಪ್ರಶ್ನೆಗಳು

ಸರ್ವೊ ಇಲ್ಲದಿದ್ದಾಗ ಕೋಡ್ ಸರಿಯಾಗಿ ಓಡುತ್ತೆ. ಸರ್ವೊ ಹಾಕಿದರೆ ಮಾತ್ರ ಮತ್ತೆ ಮತ್ತೆ ಮೊದಲಿಂದ ಶುರುವಾಗುತ್ತೆ. ಯಾಕೆ?

ಸರ್ವೊ ಹೊರಡುವಾಗ ಬೋರ್ಡಿಗೆ ಹೋಗುವ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ಚಿಪ್ ತಾನೇ ರಿಸೆಟ್ ಆಗುವಂತೆ ಅದರೊಳಗೆ ಒಂದು ಕಾವಲು ಸರ್ಕ್ಯೂಟ್ ಇರುತ್ತದೆ. ಇದಕ್ಕೆ ಬ್ರೌನ್‌ಔಟ್ ಡಿಟೆಕ್ಟರ್ ಅಂತ ಹೆಸರು. ಆರ್ಡುಯಿನೊ ಊನೊದಲ್ಲಿ ಇದನ್ನು 2.7 ವೋಲ್ಟಿಗೆ ಇಟ್ಟಿರುತ್ತಾರೆ. ಇಎಸ್‌ಪಿ32ರಲ್ಲಿ ಸುಮಾರು 2.43 ವೋಲ್ಟ್.

ಮನೆಯ ಓವರ್‌ಹೆಡ್ ಟ್ಯಾಂಕಿನಿಂದ ಸಣ್ಣ ಪೈಪ್ ಒಂದೇ ಇಳಿದಿದ್ದರೆ, ಬಚ್ಚಲಲ್ಲಿ ನಲ್ಲಿ ತಿರುಗಿಸಿದಾಗ ಅಡುಗೆಮನೆ ನಲ್ಲಿ ಸಣ್ಣಗಾಗುತ್ತದೆ ಅಲ್ವಾ? ಟ್ಯಾಂಕಿನಲ್ಲಿ ನೀರು ತುಂಬಿದ್ದರೂ ಹಾಗೇ. ಇಲ್ಲೂ ಹೆಚ್ಚಿನ ಸಲ ತೊಂದರೆ ಇರುವುದು ಟ್ಯಾಂಕಿನಲ್ಲಲ್ಲ, ಸರ್ವೊ ಮತ್ತು ಬೋರ್ಡ್ ಹಂಚಿಕೊಂಡಿರುವ ಆ ಒಂದು ದಾರಿಯಲ್ಲಿ.

ಸರ್ವೊ ಚಿಕ್ಕದು. ಅಷ್ಟೊಂದು ಕರೆಂಟ್ ಎಳೆಯುತ್ತಾ?

ಓಡುವಾಗ ಎಳೆಯುವುದಿಲ್ಲ, ಹೊರಡುವಾಗ ಎಳೆಯುತ್ತದೆ. ಮೋಟರ್ ತಿರುಗುತ್ತಿದ್ದರೆ ಅದೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತಿರುವ ಮೋಟರ್‌ನಲ್ಲಿ ಆ ತಡೆ ಇರುವುದಿಲ್ಲ. ಆಗ ಉಳಿಯುವುದು ಸುರುಳಿಯ ತಂತಿಯ ಓಮ್ ಮಾತ್ರ. ಅದಕ್ಕೇ ಹೊರಡುವ ಕ್ಷಣದ ಕರೆಂಟ್, ಮೋಟರನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಾಗ ಹರಿಯುವ ಕರೆಂಟಿನಷ್ಟೇ ಇರುತ್ತದೆ. ಇದನ್ನು ಸ್ಟಾಲ್ ಕರೆಂಟ್ ಅನ್ನುತ್ತಾರೆ.

ಎಂಜಿ996ಆರ್‌ಗೆ 6 ವೋಲ್ಟ್ ಕೊಟ್ಟಾಗ ಸ್ಟಾಲ್ ಕರೆಂಟ್ 2.5 ಆಂಪ್. 5 ವೋಲ್ಟಿನಲ್ಲಿ 2 ಆಂಪ್ ಅಂತ ಲೆಕ್ಕ ಹಿಡಿಯಬಹುದು. ನೀಲಿ ಬಣ್ಣದ ಪುಟ್ಟ ಎಸ್‌ಜಿ90 ಕೂಡ ಸ್ಟಾಲ್ ಆದರೆ ಅರ್ಧ ಆಂಪ್ ದಾಟುತ್ತದೆ. ಊನೊ ಬೋರ್ಡಿನ ಯುಎಸ್‌ಬಿ ದಾರಿಯಲ್ಲಿರುವ ಫ್ಯೂಸ್ 500 ಮಿಲಿಆಂಪಿನದು. ಹಾಗಾಗಿ ಒಂದೇ ಒಂದು ಪುಟ್ಟ ಸರ್ವೊ ಕೂಡ ಅಲ್ಲಿ ತೊಂದರೆ ಕೊಡಬಹುದು.

ನನ್ನ ಚಾರ್ಜರ್ ಮೇಲೆ 5 ವೋಲ್ಟ್ 3 ಆಂಪ್ ಅಂತ ಬರೆದಿದೆ. ಆದರೂ ರಿಸೆಟ್ ಆಗುತ್ತೆ!

ಬರೆದಿರುವುದು ನಿಜವೇ ಇರಬಹುದು. ಆದರೆ ಆ 5 ವೋಲ್ಟ್ ಇರುವುದು ಚಾರ್ಜರಿನ ಬಾಯಲ್ಲಿ, ನಿಮ್ಮ ಚಿಪ್ಪಿನ ಕಾಲಲ್ಲಿ ಅಲ್ಲ. ನಡುವಿನ ದಾರಿಯನ್ನು ಒಂದೊಂದಾಗಿ ನೋಡೋಣ.

ನಮ್ಮ ಉದಾಹರಣೆಯಲ್ಲಿ ಚಾರ್ಜರ್ 5.1 ವೋಲ್ಟ್ ಕೊಡುತ್ತಿದೆ. ಅಲ್ಲಿಂದ ಒಂದು ಮೀಟರ್ ಯುಎಸ್‌ಬಿ ಕೇಬಲ್. ಅಗ್ಗದ ಕೇಬಲ್ಲಿನೊಳಗೆ 28 ಗೇಜಿನ ತೆಳು ತಂತಿ ಇರುತ್ತದೆ, ಮೀಟರಿಗೆ 0.21 ಓಮ್. ಹೋಗಲು ಒಂದು, ವಾಪಸ್ ಬರಲು ಒಂದು, ಒಟ್ಟು 0.43 ಓಮ್. ಸರ್ವೊ 2 ಆಂಪ್, ಬೋರ್ಡ್ 0.15 ಆಂಪ್ ಎಳೆದರೆ ಕೇಬಲ್ಲಿನಲ್ಲೇ 0.92 ವೋಲ್ಟ್ ಹೋಯಿತು.

ಮುಂದೆ ಬೋರ್ಡಿನ ಒಳಗೆ ಬನ್ನಿ. ಹಲವು ಇಎಸ್‌ಪಿ32 ಬೋರ್ಡುಗಳಲ್ಲಿ ಯುಎಸ್‌ಬಿಯಿಂದ `VIN` ಪಿನ್ನಿಗೆ ಬರುವ ದಾರಿಯಲ್ಲಿ ಒಂದು ಪುಟ್ಟ ಶಾಟ್ಕಿ ಡಯೋಡ್ ಇರುತ್ತದೆ. ಸರ್ವೊದ ಕೆಂಪು ವೈರನ್ನು `VIN`ಗೆ ಸಿಕ್ಕಿಸಿದರೆ ಅದರ ಕರೆಂಟೆಲ್ಲ ಈ ಡಯೋಡಿನ ಮೂಲಕವೇ ಬರಬೇಕು. ಇಷ್ಟು ಕರೆಂಟಿಗೆ ಅಲ್ಲಿ ಇನ್ನೂ ಅರ್ಧ ವೋಲ್ಟ್ ಹೋಗುತ್ತದೆ. ಉಳಿದದ್ದು 3.68. ಬೋರ್ಡಿನ ರೆಗ್ಯುಲೇಟರ್ ಹೆಚ್ಚಾಗಿ ಎಎಂಎಸ್1117. ಅದು ಕೆಲಸ ಮಾಡಲು ತನ್ನ ಪಾಲಿಗೆ ಸುಮಾರು 1.1 ವೋಲ್ಟ್ ಬೇಡುತ್ತದೆ. ಚಿಪ್ಪಿಗೆ ಸಿಕ್ಕಿದ್ದು 2.6 ವೋಲ್ಟ್ ಮಾತ್ರ.

2.43ಕ್ಕೆ ಇನ್ನು ಎಷ್ಟು ದೂರ? ಅದೇ ಹೊತ್ತಿಗೆ ವೈಫೈ ಒಂದು ಪ್ಯಾಕೆಟ್ ಕಳಿಸಿದರೆ, ಅಥವಾ ಚಾರ್ಜರ್ ಕೊಡುವ ವೋಲ್ಟೇಜೇ ಸ್ವಲ್ಪ ಇಳಿದರೆ, ಮುಗಿಯಿತು. ಒಂದು ಸಲ ಸರಿಯಾಗಿ ಓಡಿ ಇನ್ನೊಂದು ಸಲ ರಿಸೆಟ್ ಆಗುವುದಕ್ಕೆ ಇದೇ ಕಾರಣ. ವೋಲ್ಟೇಜ್ ಅಂಚಿನಲ್ಲಿ ನಿಂತಿರುತ್ತದೆ.

ನಮ್ಮ ಏರಿಯಾದಲ್ಲಿ ಮನೆ ಕರೆಂಟೇ ಏರುಪೇರು. ಅದಕ್ಕಾ?

ಇದಕ್ಕೆ ಸಾಮಾನ್ಯವಾಗಿ ಅದು ಕಾರಣ ಅಲ್ಲ. ಈಗಿನ ಅಡಾಪ್ಟರುಗಳ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. 230 ಇದ್ದದ್ದು 190 ಆದರೂ ಔಟ್‌ಪುಟ್ 5 ವೋಲ್ಟೇ. ರಿಸೆಟ್ ಆಗುವುದು ಸರ್ವೊ ಹೊರಟಾಗ ಮಾತ್ರ ಅಂದರೆ ಗೋಡೆಯ ಕಡೆ ನೋಡಬೇಡಿ, ಮೇಜಿನ ಮೇಲಿನ ವೈರ್ ನೋಡಿ.

## ಕಾರಣ ಇದೇ ಅಂತ ಖಚಿತ ಮಾಡಿಕೊಳ್ಳುವುದು

ಕೋಡಿನ ತಪ್ಪಾ, ಪವರ್ ತೊಂದರೆನಾ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಸುಲಭದ್ದು. ಸರ್ವೊದ ಸಿಗ್ನಲ್ ವೈರ್ ಹಾಗೇ ಇರಲಿ, ಕೆಂಪು ವೈರ್ ಮಾತ್ರ ತೆಗೆಯಿರಿ. ಕೋಡ್ ಮೊದಲಿನಂತೆಯೇ ಓಡುತ್ತದೆ, ಸರ್ವೊ ತಿರುಗುವುದಿಲ್ಲ. ಈಗ ರಿಸೆಟ್ ನಿಂತರೆ ಅನುಮಾನ ಪವರ್ ಕಡೆಗೆ. ನಿಲ್ಲದಿದ್ದರೆ ಕೋಡ್ ನೋಡಿ.

ಇಎಸ್‌ಪಿ32 ಆದರೆ ಅದೇ ಬಾಯಿಬಿಟ್ಟು ಹೇಳುತ್ತದೆ. ಸೀರಿಯಲ್ ಮಾನಿಟರಿನಲ್ಲಿ `Brownout detector was triggered` ಅಂತ ಬಂದರೆ ಅನುಮಾನವೇ ಬೇಡ. ಆ ಸಾಲು ಕಣ್ತಪ್ಪಿದರೆ ನಿಮ್ಮ ಕೋಡಿನ `setup()` ಒಳಗೆ ಇದನ್ನು ಸೇರಿಸಿ:

```
#include "esp_system.h"

void setup() {
  Serial.begin(115200);
  Serial.println((int)esp_reset_reason());
}
```

9 ಬಂದರೆ ಬ್ರೌನ್‌ಔಟ್. 4 ಬಂದರೆ ಕೋಡ್ ಕುಸಿದಿದೆ. 5, 6, 7 ವಾಚ್‌ಡಾಗ್ ರಿಸೆಟ್‌ಗಳು, ಅಂದರೆ ಕೋಡ್ ಎಲ್ಲೋ ಸಿಕ್ಕಿಕೊಂಡಿದೆ. 1 ಅಂದರೆ ಹೊಸದಾಗಿ ಪವರ್ ಬಂದಿದೆ ಅಂತ. ನೀವು ಪ್ಲಗ್ ಅಥವಾ ರಿಸೆಟ್ ಬಟನ್ ಮುಟ್ಟದೇ, ಸರ್ವೊ ಹೊರಟಾಗ 1 ಬಂದರೆ ಅದೂ ಪವರ್ ತೊಂದರೆಯೇ. ವೋಲ್ಟೇಜ್ ಎಷ್ಟು ಕೆಳಗೆ ಬಿದ್ದಿದೆ ಅಂದರೆ ಚಿಪ್ಪಿಗೆ ಪೂರ್ತಿ ಆಫ್ ಆಗಿ ಆನ್ ಆದ ಹಾಗೆ ಆಗಿದೆ.

ಊನೊದಲ್ಲಿ ಇಂಥ ಮೆಸೇಜ್ ಬರಲ್ಲ. ಅಲ್ಲಿ ಏನು ನೋಡಬೇಕು?

ಊನೊ ಚಿಪ್ಪಿನಲ್ಲಿ `MCUSR` ಅನ್ನುವ ರಿಜಿಸ್ಟರ್ ಕಾರಣವನ್ನು ಬರೆದಿಡುತ್ತದೆ. ಆದರೆ ನಿಮ್ಮ ಕೋಡ್ ಶುರುವಾಗುವ ಮೊದಲೇ ಬೂಟ್‌ಲೋಡರ್ ಅದನ್ನು ಅಳಿಸಿರುತ್ತದೆ. ಓದಿ 0 ಬಂತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೋರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಪೋರ್ಟ್ ಗಮನಿಸಿ. ಸರ್ವೊ ಹೊರಟಾಗ ಪೋರ್ಟೇ ಮಾಯವಾಗಿ ಮತ್ತೆ ಬಂದರೆ, ಯುಎಸ್‌ಬಿ ಚಿಪ್ ಕೂಡ ಕರೆಂಟ್ ಇಲ್ಲದೆ ಬಿದ್ದಿದೆ ಅಂತ ಅರ್ಥ.

ಸೀರಿಯಲ್ ಮಾನಿಟರ್ ತೆರೆದ ಕೂಡಲೇ ಊನೊ ಒಂದು ಸಲ ರಿಸೆಟ್ ಆಗುವುದು ಸಹಜ. ಅದನ್ನು ಇದರ ಜೊತೆ ಕಲಸಬೇಡಿ.

ಮಲ್ಟಿಮೀಟರಿನಲ್ಲಿ ನೋಡಿದರೆ 5 ವೋಲ್ಟ್ ಸರಿಯಾಗೇ ತೋರಿಸುತ್ತೆ. ಹಾಗಾದರೆ ಡಿಪ್ ಎಲ್ಲಿದೆ?

ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಓದುತ್ತದೆ ಅಷ್ಟೇ. ಕೆಲವು ಮಿಲಿಸೆಕೆಂಡಿನ ಡಿಪ್ ಅದಕ್ಕೆ ಕಾಣುವುದಿಲ್ಲ. ಕಾಲೇಜ್ ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಸಿಕ್ಕರೆ ಅದನ್ನೇ ಬಳಸಿ. ಪ್ರೋಬನ್ನು ಬೋರ್ಡಿನ `VIN`ಗೆ ಹಿಡಿಯಿರಿ, ಕ್ಲಿಪ್ ಗ್ರೌಂಡಿಗೆ. ಟ್ರಿಗರನ್ನು 4.5 ವೋಲ್ಟಿಗೆ, ಕೆಳಗಿಳಿಯುವ ಅಂಚಿಗೆ, ಸಿಂಗಲ್ ಶಾಟಿಗೆ ಇಡಿ. ಒಂದು ಡಿವಿಷನ್‌ಗೆ 20 ಮಿಲಿಸೆಕೆಂಡ್ ಸಾಕು. ಸರ್ವೊಗೆ ಒಂದು ಕಮಾಂಡ್ ಕೊಟ್ಟರೆ ಆ ಡಿಪ್ ಪರದೆಯ ಮೇಲೆ ನಿಲ್ಲುತ್ತದೆ.

ಸ್ಕೋಪ್ ಇಲ್ಲದವರಿಗೆ ನಾನು ಹೇಳುವ ಉಪಾಯ: ಡಿಪ್ಪನ್ನು ಉದ್ದ ಮಾಡಿ. ಸರ್ವೊ ತೋಳನ್ನು ಕೈಯಲ್ಲಿ ಹಗುರವಾಗಿ, ಬೋರ್ಡ್ ರಿಸೆಟ್ ಆಗದಷ್ಟು ಮಾತ್ರ ಒತ್ತಿ ಹಿಡಿಯಿರಿ. ಒಂದೆರಡು ಸೆಕೆಂಡ್ ಸಾಕು, ಜಾಸ್ತಿ ಹೊತ್ತು ಹಿಡಿದರೆ ಸರ್ವೊ ಸುಡುತ್ತದೆ. ಈಗ ಮೀಟರಿನ ಒಂದು ಪ್ರೋಬನ್ನು ಕೆಂಪು ವೈರಿನ ಒಂದು ತುದಿಗೆ, ಇನ್ನೊಂದನ್ನು ಅದೇ ವೈರಿನ ಇನ್ನೊಂದು ತುದಿಗೆ ಇಡಿ. ಮೀಟರ್ ಆ ವೈರ್ ಒಂದೇ ತಿಂದ ವೋಲ್ಟೇಜನ್ನು ತೋರಿಸುತ್ತದೆ. ಹೀಗೇ ಬ್ರೆಡ್‌ಬೋರ್ಡಿನ ಪಟ್ಟಿ, ಜಂಪರ್, ಗ್ರೌಂಡ್ ವೈರ್, ಎಲ್ಲವನ್ನೂ ಒಂದೊಂದಾಗಿ ನೋಡಿ. ಗ್ರೌಂಡನ್ನು ಬಿಡಬೇಡಿ, ಅಲ್ಲೂ ಅಷ್ಟೇ ಕರೆಂಟ್ ಹರಿಯುತ್ತದೆ. ಒಂದು ಸಡಿಲ ಬ್ರೆಡ್‌ಬೋರ್ಡ್ ತೂತು ಇಡೀ ಕೇಬಲ್ಲಿಗಿಂತ ಜಾಸ್ತಿ ತಿನ್ನುವುದು ಅಪರೂಪವಲ್ಲ. ಎಲ್ಲಿ ಅಂಕಿ ದೊಡ್ಡದೋ ಅಲ್ಲೇ ನಿಮ್ಮ ಕಾಯಿಲೆ. ಪೂರ್ತಿ ಸ್ಟಾಲ್ ಆದಾಗ ಅದು ಇನ್ನೂ ಹೆಚ್ಚಿರುತ್ತದೆ ಅನ್ನುವುದು ನೆನಪಿರಲಿ.

## ಸರಿಪಡಿಸುವುದು

ಒಂದು ಕೆಪಾಸಿಟರ್ ಹಾಕಿದರೆ ಸಾಕು ಅಂತಾರೆ. ಎಷ್ಟರದ್ದು ಹಾಕಲಿ?

ಹಾಕಿ, ಆದರೆ ಅದರಿಂದ ಎಷ್ಟು ಕೆಲಸ ಆಗುತ್ತದೆ ಅಂತ ಮೊದಲು ಲೆಕ್ಕ ಹಾಕಿ. ಸೂತ್ರ ಸುಲಭ: `t = C × V ÷ I`. ಇಲ್ಲಿ `I` ಅಂದರೆ ಸಪ್ಲೈ ಕೊಡಲಾಗದೆ ಕೊರತೆ ಬಿದ್ದ ಕರೆಂಟ್, `V` ಅಂದರೆ ನೀವು ಸಹಿಸಬಹುದಾದ ಕುಸಿತ. 1000 ಮೈಕ್ರೊಫ್ಯಾರಡ್ ಹಾಕಿದ್ದೀರಿ, ಅರ್ಧ ವೋಲ್ಟ್ ಕುಸಿದರೆ ಪರವಾಗಿಲ್ಲ, 1 ಆಂಪ್ ಕೊರತೆ ಇದೆ. ಸಮಯ ಎಷ್ಟು? ಅರ್ಧ ಮಿಲಿಸೆಕೆಂಡ್.

ಸರ್ವೊ ಹೊರಟು ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ಬೇಕು. 20 ಮಿಲಿಸೆಕೆಂಡ್ ತುಂಬಿಸಬೇಕಾದರೆ 40,000 ಮೈಕ್ರೊಫ್ಯಾರಡ್ ಬೇಕಾಗುತ್ತದೆ. ಚಿಲಕ ಬಿಗಿಯಾಗಿ ಸರ್ವೊ ಅಲ್ಲೇ ಸಿಕ್ಕಿಕೊಂಡರೆ ಅದೂ ಸಾಲದು. ಎಸ್.ಪಿ. ರೋಡಿಗೆ ಹೋಗಿ ದೊಡ್ಡದು, ಇನ್ನೂ ದೊಡ್ಡದು ಅಂತ ಕೆಪಾಸಿಟರ್ ತರುವ ಬದಲು ಆ ದುಡ್ಡನ್ನು ಸರಿಯಾದ ಅಡಾಪ್ಟರಿಗೆ ಹಾಕಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಗಂತ ಕೆಪಾಸಿಟರ್ ಬೇಡ ಅಂತಲ್ಲ. ಮೊದಲ ಕ್ಷಣದ ಚೂಪಾದ ಡಿಪ್ಪನ್ನು, ಸಪ್ಲೈ ಎಚ್ಚೆತ್ತುಕೊಳ್ಳುವ ತನಕ ಅದೇ ಹಿಡಿಯಬೇಕು. 470 ಅಥವಾ 1000 ಮೈಕ್ರೊಫ್ಯಾರಡ್, 16 ವೋಲ್ಟಿನದು, ಸರ್ವೊ ಕನೆಕ್ಟರಿನ ಹತ್ತಿರವೇ ಇರಲಿ. ಬಿಳಿ ಪಟ್ಟಿ ಇರುವ ಕಾಲು ಗ್ರೌಂಡಿಗೆ. ತಿರುಗಿಸಿ ಹಾಕಿದರೆ ಅದು ಬಿಸಿಯಾಗಿ ಸಿಡಿಯಬಹುದು.

ಹಾಗಾದರೆ ಸರಿಯಾದ ವೈರಿಂಗ್ ಹೇಗಿರಬೇಕು?

ಸರ್ವೊ ಕರೆಂಟ್ ಬೋರ್ಡಿನ ಮೂಲಕ ಹಾಯಬಾರದು. ಮುಖ್ಯ ಸೂತ್ರ ಇದೊಂದೇ. ಎರಡೂ ದಾರಿಗಳು ಸಪ್ಲೈಯ ಟರ್ಮಿನಲ್‌ನಲ್ಲೇ ಕವಲೊಡೆಯಬೇಕು.

ನಮ್ಮ ಚಿಲಕದ ಪ್ರಾಜೆಕ್ಟನ್ನೇ ಸರಿಮಾಡೋಣ. ಫೋನ್ ಚಾರ್ಜರ್ ಬದಲು 5 ವೋಲ್ಟ್ 5 ಆಂಪಿನ ಒಂದು ಅಡಾಪ್ಟರ್. ಅದರ ಪಿನ್ ಕೂರುವ, ಸ್ಕ್ರೂ ಇರುವ ಒಂದು ಡಿಸಿ ಜ್ಯಾಕ್. ಆ ಸ್ಕ್ರೂಗಳಿಂದ ಒಂದು ಜೋಡಿ ವೈರ್ ನೇರ ಸರ್ವೊಗೆ, ಇನ್ನೊಂದು ಜೋಡಿ ಬೋರ್ಡಿನ `VIN` ಮತ್ತು `GND`ಗೆ. ಸರ್ವೊ ಜೋಡಿಗೆ ಜಂಪರ್ ವೈರ್ ಬೇಡ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 0.75 ಚದರ ಮಿಲಿಮೀಟರಿನ ಬಹುಎಳೆ ತಾಮ್ರದ ವೈರ್ ತನ್ನಿ. ಅದು ಮೀಟರಿಗೆ ಸುಮಾರು 0.026 ಓಮ್. 30 ಸೆಂಟಿಮೀಟರ್ ಹೋಗಿ ಬರಲು 0.016 ಓಮ್. 2 ಆಂಪಿಗೆ ಕುಸಿಯುವುದು 0.03 ವೋಲ್ಟ್. ಮೊದಲು ಕೇಬಲ್ ಒಂದೇ 0.92 ತಿನ್ನುತ್ತಿತ್ತು.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸರ್ವೊ ವೈರಿನಲ್ಲಿ ಎಷ್ಟೇ ಕುಸಿದರೂ ಅದು ಸರ್ವೊಗೆ ಮಾತ್ರ. ಬೋರ್ಡಿನ ಜೋಡಿಯಲ್ಲಿ ಬೋರ್ಡಿನ ಕರೆಂಟ್ ಅಷ್ಟೇ ಹರಿಯುತ್ತದೆ. ಅಡಾಪ್ಟರಿನ ಬಾಯಲ್ಲಿ 5 ವೋಲ್ಟ್ ನಿಂತಿದ್ದರೆ ಸಾಕು, ಚಿಪ್ಪಿನ 3.3ಕ್ಕೆ ತನ್ನ 1.1 ಸೇರಿಸಿ ರೆಗ್ಯುಲೇಟರಿಗೆ ಬೇಕಾದ 4.4 ವೋಲ್ಟಿಗಿಂತ ಅರ್ಧ ವೋಲ್ಟ್ ಮೇಲೆಯೇ ಇರುತ್ತೀರಿ.

ಸರ್ವೊಗೆ ಬೇರೆ ಬ್ಯಾಟರಿ ಕೊಟ್ಟೆ. ಈಗ ರಿಸೆಟ್ ಇಲ್ಲ, ಆದರೆ ಸರ್ವೊ ಸುಮ್ನೆ ನಡುಗುತ್ತೆ.

ಗ್ರೌಂಡ್ ಸೇರಿಸಿಲ್ಲ. ಬ್ಯಾಟರಿಯ ಮೈನಸ್ಸನ್ನು ಬೋರ್ಡಿನ `GND`ಗೆ ಕೂಡಿಸಿ. ಸಿಗ್ನಲ್ 3.3 ವೋಲ್ಟ್ ಅಂದರೆ ಯಾವುದಕ್ಕೆ ಹೋಲಿಸಿ 3.3 ಅನ್ನುವುದು ಸರ್ವೊಗೆ ಗೊತ್ತಾಗಬೇಕಲ್ಲ. ಆದರೆ ಪ್ಲಸ್‌ಗಳನ್ನು ಒಟ್ಟಿಗೆ ಸೇರಿಸಬೇಡಿ. ಎರಡು ಸಪ್ಲೈ ಒಂದಕ್ಕೊಂದು ಕರೆಂಟ್ ತಳ್ಳಲು ಹೋಗಿ ಒಂದು ಹಾಳಾಗುತ್ತದೆ.

9 ವೋಲ್ಟಿನ ಚೌಕ ಬ್ಯಾಟರಿ ಆಗುತ್ತಾ?

ಆಗುವುದಿಲ್ಲ. ಹೊಸ ಆಲ್ಕಲೈನ್ ಬ್ಯಾಟರಿಯ ಒಳಗೇ ಒಂದೆರಡು ಓಮ್ ಇರುತ್ತದೆ, ಅಗ್ಗದ್ದರಲ್ಲಿ ಇನ್ನೂ ಜಾಸ್ತಿ. 2 ಆಂಪ್ ಕೇಳಿದರೆ ಅದರ ವೋಲ್ಟೇಜ್ ಅರ್ಧಕ್ಕೆ ಬರುತ್ತದೆ. ಇದು ಹೊಗೆ ಪತ್ತೆ ಮಾಡುವ ಅಲಾರಂನಂಥ ಸಣ್ಣ ಕರೆಂಟಿನ ಸಾಧನಕ್ಕೆ ಸರಿ.

12 ವೋಲ್ಟ್ ಅಡಾಪ್ಟರ್ ಮನೆಯಲ್ಲಿದೆ. ಅದನ್ನೇ ಬಳಸಬಹುದಾ?

ಬಳಸಬಹುದು, ಬಕ್ ಕನ್ವರ್ಟರ್ ಮೂಲಕ. ಊನೊದ ಕಪ್ಪು ಜ್ಯಾಕಿಗೆ 12 ವೋಲ್ಟ್ ಕೊಟ್ಟು ಅದರ `5V` ಪಿನ್ನಿಂದ ಸರ್ವೊ ಓಡಿಸಬೇಡಿ. ಅಲ್ಲಿನ ರೆಗ್ಯುಲೇಟರ್ ಉಳಿದ 7 ವೋಲ್ಟನ್ನು ಬಿಸಿಯಾಗಿ ಕಳೆಯುತ್ತದೆ. ಅರ್ಧ ಆಂಪಿಗೇ 3.5 ವಾಟ್. ಬೆರಳಿಟ್ಟರೆ ಸುಡುತ್ತದೆ, ಆಮೇಲೆ ಅದು ತಾನೇ ಆಫ್ ಆಗುತ್ತದೆ. ಇದೂ ಹೊರಗಿಂದ ನೋಡಿದರೆ ರಿಸೆಟ್ ಥರವೇ ಕಾಣುತ್ತದೆ, ಆದರೆ ಸ್ವಲ್ಪ ಹೊತ್ತು ಓಡಿದ ಮೇಲೆ ಬರುತ್ತದೆ.

ಎಲ್‌ಎಂ2596 ಮಾಡ್ಯೂಲಿಗೆ 3 ಆಂಪ್ ಅಂತ ಹೇಳುತ್ತಾರೆ. ಹೀಟ್‌ಸಿಂಕ್ ಇಲ್ಲದೆ 2 ಆಂಪಿನ ಆಚೆ ನಂಬಬೇಡಿ. ಒಂದು ಎಂಜಿ996ಆರ್‌ಗೆ ಅದು ಅಂಚಿನಲ್ಲಿದೆ, ಎಕ್ಸ್‌ಎಲ್4015 ಇರುವ 5 ಆಂಪಿನ ಮಾಡ್ಯೂಲ್ ನಿರಾಳ. ಸರ್ವೊ ಸಿಕ್ಕಿಸುವ ಮೊದಲೇ ಸ್ಕ್ರೂ ತಿರುಗಿಸಿ, ಮೀಟರಿನಲ್ಲಿ ನೋಡಿ 5 ವೋಲ್ಟಿಗೆ ತನ್ನಿ. ಅಂಗಡಿಯಿಂದ ಬಂದ ಹೊಸ ಮಾಡ್ಯೂಲ್ ಎಷ್ಟಕ್ಕೆ ಸೆಟ್ ಆಗಿರುತ್ತದೋ ಹೇಳಲಾಗದು.

## ಇನ್ನೂ ಆಳಕ್ಕೆ

ಬ್ರೌನ್‌ಔಟ್ ಡಿಟೆಕ್ಟರನ್ನೇ ಆಫ್ ಮಾಡುವ ಒಂದು ಸಾಲಿನ ಕೋಡ್ ಸಿಕ್ಕಿದೆ. ಹಾಕಿದರೆ ರಿಸೆಟ್ ನಿಂತಿತು. ತಪ್ಪಾ?

ನೀವು ಹೇಳುತ್ತಿರುವುದು `WRITE_PERI_REG(RTC_CNTL_BROWN_OUT_REG, 0)`. ದಯವಿಟ್ಟು ತೆಗೆಯಿರಿ. ವೋಲ್ಟೇಜ್ ಈಗಲೂ ಕುಸಿಯುತ್ತಿದೆ, ಹೇಳುವವರು ಇಲ್ಲ ಅಷ್ಟೇ. ಆ ಮಟ್ಟದಲ್ಲಿ ಚಿಪ್ ತಪ್ಪು ಲೆಕ್ಕ ಮಾಡಬಹುದು. ಅದೇ ಹೊತ್ತಿಗೆ ಫ್ಲ್ಯಾಶಿಗೆ ಏನಾದರೂ ಬರೆಯುತ್ತಿದ್ದರೆ ಸೇವ್ ಆಗಿದ್ದ ವೈಫೈ ಪಾಸ್‌ವರ್ಡೋ ಸೆಟ್ಟಿಂಗೋ ಕೆಡುತ್ತದೆ. ಬಾಗಿಲ ಚಿಲಕದಲ್ಲಿ ಇದು ಚಿಕ್ಕ ವಿಷಯವಲ್ಲ. ಬೋರ್ಡ್ ಹ್ಯಾಂಗ್ ಆದರೆ ನೀವು ಹೊರಗೇ ನಿಲ್ಲುತ್ತೀರಿ.

ಸಪ್ಲೈ ಒಂದೇ ಇರಬೇಕು, ಸ್ವಲ್ಪ ಡಿಪ್ ತಪ್ಪಿಸಲಾಗದು. ಬೋರ್ಡನ್ನು ಹೇಗೆ ಕಾಪಾಡಲಿ?

ಬೋರ್ಡಿನ ಜೋಡಿಯಲ್ಲಿ ಒಂದು 1ಎನ್5819 ಶಾಟ್ಕಿ ಡಯೋಡ್ ಹಾಕಿ, ಅದರ ಆಚೆ, ಬೋರ್ಡಿನ ಕಡೆ, 1000 ಮೈಕ್ರೊಫ್ಯಾರಡ್ ಇಡಿ. ಡಿಪ್ ಬಂದಾಗ ಡಯೋಡ್ ಮುಚ್ಚಿಕೊಳ್ಳುತ್ತದೆ. ಕೆಪಾಸಿಟರಿನ ಚಾರ್ಜನ್ನು ಸರ್ವೊ ಕದಿಯಲಾಗದು, ಅದೆಲ್ಲ ಬೋರ್ಡಿಗೇ.

ಈ ಉಪಾಯ 6 ವೋಲ್ಟ್ ಸಪ್ಲೈ ಇದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಎಂಜಿ996ಆರ್‌ಗೆ 6 ವೋಲ್ಟ್ ಸರಿಹೊಂದುತ್ತದೆ. ಡಯೋಡ್ ಕಳೆದು ಬೋರ್ಡಿಗೆ 5.7 ಸಿಗುತ್ತದೆ, 4.4ರ ತನಕ 1.3 ವೋಲ್ಟ್ ಅವಕಾಶ. ಬೋರ್ಡ್ 0.15 ಆಂಪ್ ಎಳೆದರೆ ಸುಮಾರು 8.7 ಮಿಲಿಸೆಕೆಂಡ್ ತಡೆಯುತ್ತದೆ. ಹಿಂದೆ ಅದೇ ಕೆಪಾಸಿಟರ್ ಅರ್ಧ ಮಿಲಿಸೆಕೆಂಡಿಗೆ ಸುಸ್ತಾಗಿತ್ತು, ನೋಡಿ. 5 ವೋಲ್ಟ್ ಸಪ್ಲೈಯಲ್ಲಿ ಡಯೋಡ್ ಕಳೆದರೆ 4.7 ಮಾತ್ರ ಉಳಿಯುವುದರಿಂದ ಲಾಭ ಕಡಿಮೆ. ಹೊರಗಿನ ಸಪ್ಲೈ ಮತ್ತು ಯುಎಸ್‌ಬಿಯನ್ನು ಒಂದೇ ಸಲ ಸಿಕ್ಕಿಸಬೇಡಿ, ಎಲ್ಲ ಬೋರ್ಡಿನಲ್ಲೂ ಯುಎಸ್‌ಬಿ ಕಡೆ ತಡೆಯುವ ಡಯೋಡ್ ಇರುವುದಿಲ್ಲ.

ಸರ್ವೊ ಅಲ್ಲ, ಹಳದಿ ಬಿಒ ಮೋಟರ್. ಕೋಡಿನಲ್ಲೇ ಏನಾದರೂ ಮಾಡಬಹುದಾ?

ಮೋಟರ್ ಡ್ರೈವರ್ ಇದ್ದರೆ ನಿಧಾನವಾಗಿ ಹೊರಡಿಸಿ. ಡ್ರೈವರಿನ ಎನೇಬಲ್ ಪಿನ್ ಊನೊದ 5ನೇ ಪಿನ್ನಿಗೆ ಇದೆ ಅಂದುಕೊಂಡರೆ:

```
for (int d = 0; d <= 255; d += 5) {
  analogWrite(5, d);
  delay(10);
}
```

ಅರ್ಧ ಸೆಕೆಂಡಿನಲ್ಲಿ ಪೂರ್ತಿ ವೇಗ. ಅಷ್ಟರಲ್ಲಿ ಮೋಟರ್ ತಿರುಗಿ ಎದುರು ವೋಲ್ಟೇಜ್ ಹುಟ್ಟಿರುತ್ತದೆ. ಮುಂದಕ್ಕೆ ಓಡುತ್ತಿರುವಾಗಲೇ ಹಿಂದಕ್ಕೆ ತಿರುಗಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಕರೆಂಟ್ ಸ್ಟಾಲಿಗಿಂತಲೂ ಮೇಲೆ ಹೋಗುತ್ತದೆ. ನಡುವೆ ನಿಲ್ಲಿಸಿ, ಒಂದಿಷ್ಟು ಬಿಡುವು ಕೊಡಿ.

ಇಷ್ಟಾದರೂ ರಿಸೆಟ್ ಆಗುತ್ತಿದ್ದು ಸ್ಕೋಪಿನಲ್ಲಿ ಡಿಪ್ ಕಾಣದಿದ್ದರೆ, ಅದು ಬ್ರಶ್‌ಗಳ ಕಿಡಿಯಿಂದ ಬರುವ ನಾಯ್ಸ್. ಮೋಟರಿನ ಎರಡು ಕಾಲುಗಳ ನಡುವೆಯೇ 100 ನ್ಯಾನೊಫ್ಯಾರಡಿನ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ. ಡ್ರೈವರಿನ ಹತ್ತಿರ ಹಾಕಿದರೆ ಅಷ್ಟು ಉಪಯೋಗವಿಲ್ಲ. ವೈರಿನ ಉದ್ದಕ್ಕೂ ನಾಯ್ಸ್ ಹೊರಗೆ ಹೋಗಿಯೇ ಬಿಟ್ಟಿರುತ್ತದೆ.

ಆರು ಸರ್ವೊ ಇರುವ ರೋಬೊ ತೋಳು. ಆನ್ ಮಾಡಿದ ತಕ್ಷಣ ಬೀಳುತ್ತೆ, ಆಮೇಲೆ ಸರಿ.

ಆನ್ ಆದಾಗ ಆರೂ ಒಟ್ಟಿಗೆ ತಮ್ಮ ಜಾಗಕ್ಕೆ ಜಿಗಿಯುತ್ತವೆ. ಆರು ಎಂಜಿ996ಆರ್ ಆದರೆ 5 ವೋಲ್ಟಿನಲ್ಲಿ 12 ಆಂಪ್. ಅಷ್ಟು ದೊಡ್ಡ ಸಪ್ಲೈ ತರುವ ಮೊದಲು ಶುರುವನ್ನು ಬಿಡಿಬಿಡಿ ಮಾಡಿ. `attach()` ಒಂದಾದ ಮೇಲೆ ಒಂದು, ನಡುವೆ 300 ಮಿಲಿಸೆಕೆಂಡ್. ಭುಜದಿಂದ ಶುರು ಮಾಡಿ, ಬೆರಳು ಕೊನೆಗೆ. ಆಗ 5 ವೋಲ್ಟ್ 10 ಆಂಪಿನ ಸಪ್ಲೈ ಸಾಕಾಗುತ್ತದೆ.

ಪಿಸಿಎ9685 ಬೋರ್ಡ್ ಬಳಸುತ್ತಿದ್ದರೆ ಅದರಲ್ಲಿ `VCC` ಮತ್ತು `V+` ಬೇರೆ ಬೇರೆ. `VCC` ಚಿಪ್ಪಿಗೆ, ಅದನ್ನು ಮೈಕ್ರೊಕಂಟ್ರೋಲರ್ ಬೋರ್ಡಿನಿಂದ ಕೊಡಿ. `V+` ಸರ್ವೊಗಳಿಗೆ, ಅದಕ್ಕೆ ಸ್ಕ್ರೂ ಟರ್ಮಿನಲ್ ಮೂಲಕ ನೇರ ಸಪ್ಲೈಯಿಂದಲೇ ದಪ್ಪ ವೈರ್ ಎಳೆಯಿರಿ. ಕೆಲವರು ಈ ಎರಡನ್ನೂ ಒಂದು ಜಂಪರಿನಲ್ಲಿ ಸೇರಿಸಿ ಊನೊದ `5V`ಗೆ ಕೊಟ್ಟಿರುತ್ತಾರೆ. ಬಿಡಿಸಬೇಕಾದ ಮೊದಲ ವೈರ್ ಅದೇ.